ಅಮ್ಮ ಹುಟ್ಟಿದ್ದನ್ನು ಮಗ ಹೇಗೆ ಪ್ರಮಾಣ ಮಾಡಿ ಹೇಳಬಲ್ಲ? ಹಿರಿಯರ ತಡ ಜನನ ನೋಂದಣಿಯ ಅಫಿಡವಿಟ್ ಬಗ್ಗೆ

ತಾಲ್ಲೂಕು ಕಚೇರಿಯ ಎದುರಿನ ಡಿಟಿಪಿ ಅಂಗಡಿಗಳಲ್ಲಿ ಒಂದು ಸಿದ್ಧ ಅಫಿಡವಿಟ್ ಇರುತ್ತದೆ. ಹೆಸರು, ಊರು, ತಾರೀಖು ಬದಲಿಸಿ ಹತ್ತು ನಿಮಿಷದಲ್ಲಿ ಕೊಡುತ್ತಾರೆ. ಅದರಲ್ಲಿ ಹೀಗೊಂದು ಸಾಲು: ‘ನನ್ನ ತಾಯಿಯವರು ದಿನಾಂಕ 1-6-1950ರಂದು ನಮ್ಮ ಗ್ರಾಮದ ಸ್ವಂತ ಮನೆಯಲ್ಲಿ ಜನಿಸಿರುತ್ತಾರೆ. ಈ ವಿಷಯ ನನಗೆ ಖುದ್ದಾಗಿ ತಿಳಿದಿರುತ್ತದೆ.’ ಕೆಳಗೆ ಸಹಿ ಹಾಕುವ ಮಗ ಹುಟ್ಟಿದ್ದು 1975ರಲ್ಲಿ.

ತಾಯಿ ಹುಟ್ಟಿದ್ದು ಅವನಿಗೆ ಖುದ್ದಾಗಿ ತಿಳಿದಿರಲು ಸಾಧ್ಯವಿಲ್ಲ. ಆ ತಾಯಿಗೂ ತನ್ನ ಹುಟ್ಟು ಖುದ್ದಾಗಿ ಗೊತ್ತಿಲ್ಲ. ಇಬ್ಬರಿಗೂ ಗೊತ್ತಿರುವುದು ಇನ್ನೊಬ್ಬರು ಹೇಳಿದ್ದು, ಇಲ್ಲವೇ ಯಾವುದೋ ಕಾಗದದಲ್ಲಿ ಬರೆದದ್ದು. ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ ಹುಟ್ಟಿ, ಎಲ್ಲೂ ನೋಂದಣಿಯಾಗದೆ ಎಪ್ಪತ್ತೈದು ದಾಟಿದ ಹಿರಿಯರಿಗೆ ಜನನ ಪ್ರಮಾಣಪತ್ರ ಮಾಡಿಸಲು ಹೊರಟ ಮಕ್ಕಳ ಅರ್ಜಿಗಳು ಎಡವುವ ಒಂದು ಮುಖ್ಯ ಜಾಗ ಈ ಸಾಲು. ಅರ್ಜಿ ತಿರಸ್ಕಾರವಾಗುವುದಷ್ಟೇ ಅಲ್ಲ, ಒಪ್ಪಿಗೆಯಾಗಿ ಪತ್ರ ಕೈಗೆ ಬಂದ ಮೇಲೂ ಈ ಸಾಲು ಕಾಡಬಹುದು. ನಮಗೆ ಗೊತ್ತಿರುವುದು, ಕೇಳಿ ತಿಳಿದದ್ದು, ಕಾಗದದಲ್ಲಿ ಇರುವುದು, ಈ ಮೂರನ್ನೂ ಬೇರೆ ಬೇರೆಯಾಗಿ ಬರೆದ ಅಫಿಡವಿಟ್ ಮಾತ್ರ ನಿಲ್ಲುತ್ತದೆ ಎಂಬುದು ನನ್ನ ನಂಬಿಕೆ. ಅದನ್ನು ಬರೆಯುವುದು ಹೇಗೆಂದು ಒಂದು ಕುಟುಂಬವನ್ನು ಮುಂದಿಟ್ಟುಕೊಂಡು ನೋಡೋಣ. ಅದಕ್ಕೂ ಮೊದಲು ಕಾನೂನು ಈಗ ಎಲ್ಲಿ ನಿಂತಿದೆ ಎಂಬುದನ್ನು ತಿಳಿಯಬೇಕು.

ನ್ಯಾಯಾಲಯದಿಂದ ಕಂದಾಯ ಕಚೇರಿಗೆ

ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಹುಟ್ಟಿದ 21 ದಿನದೊಳಗೆ ತಿಳಿಸಬೇಕೆಂಬುದು ನಿಯಮ. ಒಂದು ವರ್ಷ ದಾಟಿದ ಪ್ರಕರಣಗಳು 13ನೇ ಕಲಮಿನ 3ನೇ ಉಪಕಲಮಿಗೆ ಬರುತ್ತವೆ. 2023ರ ತನಕ ಇದಕ್ಕೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಆದೇಶ ಬೇಕಿತ್ತು. ವಕೀಲರನ್ನು ಹಿಡಿದು, ಸಾಕ್ಷಿಗಳನ್ನು ಕಟಕಟೆಗೆ ಕರೆತಂದು ಮಾಡಿಸಬೇಕಿತ್ತು. 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ, ಅಥವಾ ಜಿಲ್ಲಾ ದಂಡಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ವಹಿಸಿತು. ನಮ್ಮಲ್ಲಿ ಅದರ ಅರ್ಥ ಜಿಲ್ಲಾಧಿಕಾರಿ, ಎಸಿ ಎಂದು ಕರೆಯುವ ಉಪವಿಭಾಗಾಧಿಕಾರಿ, ಇಲ್ಲವೇ ಹಾಗೆ ಅಧಿಕಾರ ಪಡೆದ ತಹಶೀಲ್ದಾರ್.

ಕೋರ್ಟಿನ ಓಡಾಟ ತಪ್ಪಿತು ಎಂದು ಜನ ನಿಟ್ಟುಸಿರು ಬಿಟ್ಟಿದ್ದಾರೆ, ಅದು ಸಹಜವೇ. ಆದರೆ ಜನನದ ನಿಜಾಂಶವನ್ನು ಪರಿಶೀಲಿಸಿದ ಮೇಲೆಯೇ ಆದೇಶ ಎಂಬ ಷರತ್ತು ಹಾಗೆಯೇ ಉಳಿದಿದೆ. ಹಿಂದೆ ಕಟಕಟೆಯಲ್ಲಿ ಕೇಳುತ್ತಿದ್ದ ಪ್ರಶ್ನೆಗಳಿಗೆ ಈಗ ಕಾಗದವೇ ಉತ್ತರ ಹೇಳಬೇಕು. ಅಫಿಡವಿಟ್ ಮತ್ತು ಗ್ರಾಮ ಆಡಳಿತಾಧಿಕಾರಿಯ ಸ್ಥಳ ವರದಿ, ಇವೆರಡರ ಮೇಲೆಯೇ ಬಹುಪಾಲು ಭಾರ ಬಿದ್ದಿದೆ. ಮಹಾರಾಷ್ಟ್ರದಲ್ಲಿ 2025ರ ಜನವರಿಯಲ್ಲಿ ತಡ ನೋಂದಣಿಯ ಪ್ರಮಾಣಪತ್ರಗಳನ್ನು ಕೊಡುವುದನ್ನೇ ನಿಲ್ಲಿಸಿ, ವಿಶೇಷ ತಂಡದಿಂದ ತನಿಖೆ ಮಾಡಿಸಿದರು. ಸಡಿಲ ದಾಖಲೆಗಳ ಮೇಲೆ ಪತ್ರ ಕೊಟ್ಟಿದ್ದಾರೆಂಬ ದೂರು ಅದಕ್ಕೆ ಕಾರಣ. ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ತವರಿದ್ದು ಅಲ್ಲೇ ಹೆರಿಗೆಯಾದ ಕನ್ನಡದ ಮನೆಗಳಿಗೆ ಇದು ನೇರವಾಗಿ ತಟ್ಟುವ ಸುದ್ದಿ. ಅವಸರದಲ್ಲಿ ಪಡೆದ ಪತ್ರ ಮುಂದೊಂದು ದಿನ ಮತ್ತೆ ಪರೀಕ್ಷೆಗೆ ಒಳಗಾಗಬಹುದು ಎಂಬುದಕ್ಕೂ ಇದೊಂದು ಉದಾಹರಣೆ.

ಹಿರಿಯರಿಗೆ ಜನನ ಪ್ರಮಾಣಪತ್ರ ಬೇಕೇ ಬೇಕೆ ಎಂದು ಮೊದಲು ಕೇಳಿಕೊಳ್ಳಬೇಕು. ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ, ಆಧಾರ್ ಮೊದಲಾದವಕ್ಕೆ ಜನನ ಪ್ರಮಾಣಪತ್ರವೇ ಆಧಾರ ಎಂದು 2023ರ ತಿದ್ದುಪಡಿ ಹೇಳಿರುವುದು ಆ ವರ್ಷದ ಅಕ್ಟೋಬರ್ 1ರಂದು ಮತ್ತು ಅದರ ನಂತರ ಹುಟ್ಟಿದವರಿಗೆ ಮಾತ್ರ. ಬಿಹಾರದಲ್ಲಿ 2025ರಲ್ಲಿ ನಡೆದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯಲ್ಲೂ ಜನನ ಪ್ರಮಾಣಪತ್ರ 11 ದಾಖಲೆಗಳಲ್ಲಿ ಒಂದಾಗಿತ್ತು ಅಷ್ಟೆ. ಪಾಸ್‌ಪೋರ್ಟ್, ಹತ್ತನೇ ತರಗತಿಯ ಪ್ರಮಾಣಪತ್ರ, ಸರ್ಕಾರಿ ಪಿಂಚಣಿಯ ಆದೇಶ ಕೂಡ ಅದೇ ಪಟ್ಟಿಯಲ್ಲಿದ್ದವು. ಗಾಬರಿಯಿಂದ ಅಪ್ಪ ಅಮ್ಮನನ್ನು ಕಚೇರಿಗಳಿಗೆ ಅಲೆಸಬೇಕಾದ ಕಾರಣ ಇಲ್ಲಿಲ್ಲ.

ನಿಜವಾಗಿ ಬೇಕಾಗುವ ಒಂದು ಸಂದರ್ಭ, ಮಕ್ಕಳು ಅಮೆರಿಕದ ಪೌರರಾಗಿ ತಂದೆತಾಯಿಯನ್ನು ಅಲ್ಲಿಗೆ ಕಾಯಂ ಆಗಿ ಕರೆಸಿಕೊಳ್ಳುವುದು. ಮೊದಲ ಹಂತದ ಅರ್ಜಿಗೆ ಬೇಕಾದದ್ದು ತಾಯಿಯ ಹೆಸರಿರುವ ಮಗನ ಅಥವಾ ಮಗಳ ಜನನ ಪ್ರಮಾಣಪತ್ರ. ತಂದೆತಾಯಿಯ ಸ್ವಂತ ಜನನ ದಾಖಲೆ ಕೇಳುವುದು ಆಮೇಲಿನ ವೀಸಾ ಹಂತದಲ್ಲಿ. 1970ರ ಏಪ್ರಿಲ್ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರಿಗೆ ನೋಂದಣಿ ಇಲ್ಲದಿರಬಹುದೆಂದು ಅಮೆರಿಕದ ವೀಸಾ ಅಧಿಕಾರಿಗಳೇ ಒಪ್ಪುತ್ತಾರೆ. ನೋಂದಣಿ ಇಲ್ಲವೆಂಬ ಪತ್ರ, ಶಾಲೆಯ ದಾಖಲೆ, ಹುಟ್ಟನ್ನು ಖುದ್ದಾಗಿ ಬಲ್ಲ ಇಬ್ಬರ ಅಫಿಡವಿಟ್‌ಗಳನ್ನು ಕೊಡಬಹುದು. ಹೊಸದಾಗಿ ತಡ ನೋಂದಣಿ ಮಾಡಿಸಿದರೂ ಪತ್ರದಲ್ಲಿ ನೋಂದಣಿಯ ದಿನಾಂಕ ಈ ವರ್ಷದ್ದೇ ಇರುತ್ತದೆ. ಅದನ್ನು ನೋಡಿದ ಅಧಿಕಾರಿ ಹಳೆಯ ಪೂರಕ ದಾಖಲೆಗಳನ್ನು ಹೇಗೂ ಕೇಳುತ್ತಾರೆ. ಎರಡು ದಾರಿಯಲ್ಲಿ ಯಾವುದನ್ನು ಹಿಡಿದರೂ ಹಿರಿಯರ ಅಫಿಡವಿಟ್ ತಪ್ಪುವುದಿಲ್ಲ.

ಹೊಳೆಯ ಆಚೆಯ ತವರು

ನಮ್ಮ ಉದಾಹರಣೆಯ ಕುಟುಂಬ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನದು. ಇಂಥ ಅರ್ಜಿಗಳಲ್ಲಿ ಪದೇಪದೇ ಕಾಣುವ ಸಂಗತಿಗಳನ್ನು ಸೇರಿಸಿ ಕಟ್ಟಿಕೊಂಡ ಕುಟುಂಬ ಇದು. ತಾಯಿ ಬೆಳೆದದ್ದು, ಓದಿದ್ದು ಮಳವಳ್ಳಿ ತಾಲ್ಲೂಕಿನ ತನ್ನ ತಂದೆಯ ಊರಿನಲ್ಲಿ. ಶಾಲೆಯ ದಾಖಲಾತಿ ವಹಿಯಲ್ಲಿ ಜನ್ಮಸ್ಥಳವೂ ಅದೇ ಊರು, ತಾರೀಖು 1-6-1950. ಮಗ ಮಳವಳ್ಳಿಯಲ್ಲೇ ವಿಚಾರಿಸಿ, ಕಾಗದ ಜೋಡಿಸಿ, ಅರ್ಜಿ ಕೊಡಲು ಹೊರಡುತ್ತಾನೆ. ಆಗ ಮನೆಯ ಹಿರಿಯ ಜೀವವೊಂದು, ತಾಯಿಗೆ ಚಿಕ್ಕಮ್ಮನಾಗುವ ಅಜ್ಜಿ, ‘ಅವಳೆಲ್ಲಪ್ಪ ಇಲ್ಲಿ ಹುಟ್ಟಿದ್ದು? ಬಾಣಂತನ ಆದದ್ದು ನಮ್ಮಟ್ಟೀಲಿ, ಹೊಳೆ ಆಚೆ’ ಎನ್ನುತ್ತಾರೆ.

ಹೆರಿಗೆಗೆ ತವರಿಗೆ ಹೋಗುವುದು ನಮ್ಮ ರೂಢಿ. ಹಾಗಾಗಿ ಮನೆಯಲ್ಲಿ ಹುಟ್ಟಿದ ಎಷ್ಟೋ ಹಿರಿಯರ ಜನ್ಮಸ್ಥಳ ತಂದೆಯ ಊರಲ್ಲ, ಅಜ್ಜಿಯ ತವರು. ಕಾನೂನು ಕೇಳುವುದು ಹುಟ್ಟು ನಡೆದ ಜಾಗದ ವ್ಯಾಪ್ತಿಯನ್ನು. ಅರ್ಜಿದಾರರು ಈಗ ಎಲ್ಲಿದ್ದಾರೆ, ಎಲ್ಲಿ ಓದಿದರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಆ ಅಜ್ಜಿಯ ಊರು ಕಾವೇರಿಯ ಆಚೆ, ಕೊಳ್ಳೇಗಾಲ ತಾಲ್ಲೂಕಿನಲ್ಲಿದೆ. ಅಂದರೆ ಆದೇಶ ಕೊಡಬೇಕಾದವರು ಚಾಮರಾಜನಗರ ಜಿಲ್ಲೆಯ ಅಧಿಕಾರಿಗಳು. ಮಂಡ್ಯ ಜಿಲ್ಲೆಯಲ್ಲಿ ಪಡೆದ ಆದೇಶ ಎಷ್ಟು ಚೆನ್ನಾಗಿದ್ದರೂ ವ್ಯಾಪ್ತಿಯಿಲ್ಲದ ಆದೇಶವಾಗುತ್ತಿತ್ತು.

ಇನ್ನೂ ಒಂದು ಪದರ ಇದೆ. 1950ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯದಲ್ಲಿರಲಿಲ್ಲ. ಅದು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಮದ್ರಾಸ್ ಕಡೆ ಜನನ ಮರಣ ನೋಂದಣಿಗೆ 1899ರಷ್ಟು ಹಿಂದಿನದೇ ಕಾಯ್ದೆ ಇತ್ತು, ಊರಿನ ಮುಖ್ಯಸ್ಥನಾದ ಗ್ರಾಮ ಮುನ್ಸೀಫ ವಹಿ ಬರೆಯುತ್ತಿದ್ದ. ಆದ್ದರಿಂದ ‘ಆ ಕಾಲದಲ್ಲಿ ನೋಂದಣಿಯೇ ಇರಲಿಲ್ಲ’ ಎಂದು ಅಫಿಡವಿಟ್ಟಿನಲ್ಲಿ ಬರೆಯುವುದು ತಪ್ಪಾಗುತ್ತದೆ. ‘ಹುಡುಕಿಸಿದೆವು, ಸಿಗಲಿಲ್ಲ’ ಎಂದು ಬರೆಯಬೇಕು. ಹಾಗೆ ಬರೆಯಲು ಮೊದಲು ಹುಡುಕಿಸಬೇಕು.

ಹುಡುಕಾಟದಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ. ತಾಯಿಯ ಹೆಸರು ಕೊಟ್ಟು, 1-6-1950 ಎಂಬ ಒಂದೇ ದಿನವನ್ನು ಕೊಟ್ಟು ಹುಡುಕಿಸುತ್ತಾರೆ. ಹುಟ್ಟನ್ನು ವಹಿಗೆ ಬರೆಸುವ ಹೊತ್ತಿಗೆ ಮಗುವಿಗೆ ನಾಮಕರಣವೇ ಆಗಿರುವುದಿಲ್ಲ. ಹಳೆಯ ನಮೂದಿನಲ್ಲಿ ಸಿಗುವುದು ಹೆಣ್ಣು ಮಗು, ತಂದೆಯ ಹೆಸರು, ಊರು. ಹಾಗಾಗಿ ಅರ್ಜಿಯಲ್ಲಿ ಮಗುವಿನ ತಂದೆಯ ಹೆಸರನ್ನು, ಹೆರಿಗೆಯಾದ ಮನೆಯ ಯಜಮಾನನ ಹೆಸರನ್ನು ಕೊಟ್ಟು, 1949ರಿಂದ 1952ರ ತನಕದ ವಹಿಗಳನ್ನು ನೋಡಿ ಎಂದು ಕೇಳಬೇಕು. ಹುಡುಕುವ ಪ್ರತಿ ವರ್ಷಕ್ಕೂ ಸಣ್ಣ ಶುಲ್ಕವಿದೆ, ಕಟ್ಟಿದರಾಯಿತು. ನಮೂದು ಸಿಕ್ಕರೆ ತಡ ನೋಂದಣಿಯ ಮಾತೇ ಇಲ್ಲ, ಆಗ ಪ್ರಶ್ನೆ ಉಳಿಯುವುದು ಹೆಸರು ಸೇರಿಸುವುದು ಮಾತ್ರ. ಸಿಗದಿದ್ದರೆ ನಮೂನೆ 10ರಲ್ಲಿ ನೋಂದಣಿ ಇಲ್ಲವೆಂಬ ಪತ್ರ ಕೊಡುತ್ತಾರೆ.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. ಹೆಸರಿಲ್ಲದ ನೋಂದಣಿಗೆ ಹೆಸರು ಸೇರಿಸಲು ನಿಯಮಗಳಲ್ಲಿ 15 ವರ್ಷದ ಮಿತಿ ಇದೆ. ಅದನ್ನೇ ತಡ ನೋಂದಣಿಯ ಮಿತಿ ಎಂದು ತಿಳಿದು, 15 ವರ್ಷ ದಾಟಿದವರಿಗೆ ಆಗುವುದಿಲ್ಲ ಎಂದು ಕಿಟಕಿಯಲ್ಲೇ ವಾಪಸ್ ಕಳಿಸುವುದುಂಟು. 13(3)ರಲ್ಲಿ ವಯಸ್ಸಿಗೆ ಮೇಲ್ಮಿತಿ ಇಲ್ಲ.

ತಾರೀಖು ಎಲ್ಲಿಂದ ಬಂತು

ಜೂನ್ 1. ಹಳೆಯ ಶಾಲಾ ವಹಿಗಳಲ್ಲಿ ಈ ತಾರೀಖು ಎಷ್ಟು ಸಲ ಬರುತ್ತದೆ ಎಂಬುದು ನಮ್ಮಲ್ಲಿ ಯಾರಿಗೆ ತಾನೇ ಗೊತ್ತಿಲ್ಲ? ಶಾಲೆ ಶುರುವಾಗುವ ದಿನಕ್ಕೆ ಮಗುವಿಗೆ ವಯಸ್ಸು ತುಂಬಿರಬೇಕು, ಮೇಷ್ಟ್ರು ಹಿಂದಕ್ಕೆ ಲೆಕ್ಕ ಹಾಕಿ ಬರೆದುಬಿಟ್ಟರು. ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಎಲ್ಲವೂ ಆಮೇಲೆ ಅದನ್ನೇ ಹಿಂಬಾಲಿಸಿದವು.

ನಮ್ಮ ಕುಟುಂಬದಲ್ಲಿ ಇನ್ನೊಂದು ಬರಹ ಸಿಗುತ್ತದೆ. ತಾಯಿಯ ಅಜ್ಜ, ಅಂದರೆ ಹೆರಿಗೆಯಾದ ಮನೆಯ ಯಜಮಾನರು, ತಮ್ಮ ಲೆಕ್ಕದ ಪುಸ್ತಕದಲ್ಲಿ ಭತ್ತದ ಲೆಕ್ಕದ ನಡುವೆ ಬರೆದಿಟ್ಟಿದ್ದಾರೆ: ‘ವಿಕೃತಿ ಸಂವತ್ಸರ, ವರಮಹಾಲಕ್ಷ್ಮಿ ಹಬ್ಬದ ಮಾರನೆ ದಿನ ಶನಿವಾರ, ಮಗಳಿಗೆ ಹೆಣ್ಣು ಮಗು.’ ಇದನ್ನು ಇಂಗ್ಲಿಷ್ ತಾರೀಖಿಗೆ ತರುವುದು ಕಷ್ಟವಲ್ಲ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುತ್ತವೆ, ಆದ್ದರಿಂದ ವಿಕೃತಿ ಎಂದರೆ 1950ರ ಯುಗಾದಿಯಿಂದ 1951ರ ಯುಗಾದಿಯ ತನಕದ ವರ್ಷ ಮಾತ್ರ ಆಗಲು ಸಾಧ್ಯ. ಆ ವರ್ಷ ಅಧಿಕ ಆಷಾಢ ಬಂದಿತ್ತು. ಹಾಗಾಗಿ ಶ್ರಾವಣ ತಡವಾಗಿ, ಆಗಸ್ಟ್ ನಡುವಿನಲ್ಲಿ ಶುರುವಾಯಿತು. ಹುಣ್ಣಿಮೆ ಆಗಸ್ಟ್ 27, ಭಾನುವಾರ. ಅದರ ಹಿಂದಿನ ಶುಕ್ರವಾರ ಆಗಸ್ಟ್ 25. ಮಾರನೆ ದಿನ 26-8-1950. ಬರಹದಲ್ಲಿ ಶನಿವಾರ ಎಂದಿರುವುದನ್ನು ಹೆಚ್ಚಿನ ಸಾಕ್ಷಿಯೆಂದು ಹಿಗ್ಗಬಾರದು. ಆ ಹಬ್ಬ ಯಾವಾಗಲೂ ಶುಕ್ರವಾರವೇ ಬರುವುದರಿಂದ ಮಾರನೆ ದಿನ ಯಾವ ವರ್ಷದಲ್ಲೂ ಶನಿವಾರವೇ. ವರ್ಷವನ್ನು ಹಿಡಿದು ಹೇಳುತ್ತಿರುವುದು ಸಂವತ್ಸರ ಒಂದೇ. ಅಧಿಕ ಮಾಸವನ್ನು ಮರೆತು ಲೆಕ್ಕ ಹಾಕಿದರೆ ಒಂದು ತಿಂಗಳು ಹಿಂದಕ್ಕೆ ಹೋಗಿಬಿಡುತ್ತದೆ. ಜಾತಕದಿಂದ ತಾರೀಖು ಎಣಿಸುವವರು ಎಡವುವುದು ಬಹಳ ಸಲ ಇಲ್ಲೇ.

ಆ ಪುಸ್ತಕ ಬರೀ ಹಳೆಯ ಕಾಗದವಲ್ಲ. ತೀರಿಹೋದ ಬಂಧುವೊಬ್ಬರು ವಿವಾದ ಹುಟ್ಟುವ ಮೊದಲೇ ಬರೆದಿಟ್ಟ ಇಂಥ ಮಾತನ್ನು ಸಾಕ್ಷ್ಯ ಕಾನೂನು ಗುರುತಿಸುತ್ತದೆ. ಮಗು ಹುಟ್ಟಿದ ದಿನವನ್ನು ತಿಳಿಸಿ ತಂದೆ ಗೆಳೆಯನಿಗೆ ಬರೆದ ಪತ್ರ, ತಂದೆ ತೀರಿಹೋದ ಮೇಲೆ, ಹುಟ್ಟಿದ ದಿನದ ಬಗ್ಗೆ ಪ್ರಸ್ತುತ ಸಂಗತಿ ಎಂದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 32ನೇ ಕಲಮಿನ ಉದಾಹರಣೆಯೇ ಹೇಳುತ್ತಿತ್ತು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಮಿನಲ್ಲಿ ಆ ತತ್ವ ಮುಂದುವರಿದಿದೆ. ಪುಸ್ತಕದ ಆ ಒಂದು ಹಾಳೆಯನ್ನು ಹರಿದು ಲಗತ್ತಿಸಬಾರದು. ಇಡೀ ಪುಸ್ತಕವನ್ನು ಮೂಲದಲ್ಲೇ ತೋರಿಸಬೇಕು, ಹಿಂದಿನ ಮುಂದಿನ ಪುಟಗಳ ನಕಲು ಕೊಡಬೇಕು. ಅಕ್ಕಪಕ್ಕದ ಲೆಕ್ಕ, ಒಂದೇ ಕೈಬರಹ, ಒಂದೇ ಮಸಿ, ಇವೇ ಆ ಸಾಲು ಆಮೇಲೆ ಸೇರಿಸಿದ್ದಲ್ಲ ಎಂದು ಹೇಳುತ್ತವೆ.

ಹಾಗಾದರೆ ಯಾವ ತಾರೀಖು ಬರೆಯಬೇಕು? ಎಲ್ಲ ಗುರುತಿನ ಚೀಟಿಗಳಲ್ಲಿ ಇರುವುದು 1-6-1950, ಮನೆಯ ಪುಸ್ತಕ ಹೇಳುವುದು 26-8-1950. ಶಾಲೆಯ ತಾರೀಖನ್ನೇ ನಿಜವೆಂದು ಪ್ರಮಾಣ ಮಾಡಿ, ಪುಸ್ತಕವನ್ನು ಪೆಟ್ಟಿಗೆಯಲ್ಲೇ ಬಿಡಿ ಎಂದು ಸಲಹೆ ಕೊಡುವವರು ಬಹಳ. ಅದನ್ನು ನಾನು ಒಪ್ಪಲಾರೆ. ಪುಸ್ತಕ ಕೈಯಲ್ಲಿದ್ದೂ ಬೇರೆ ತಾರೀಖು ನಿಜವೆಂದು ಪ್ರಮಾಣ ಮಾಡುವುದು ಸುಳ್ಳು ಪ್ರಮಾಣ, ಅದು ಶಿಕ್ಷಾರ್ಹ. ಎರಡನ್ನೂ ಎದುರಿಗಿಡುವ ದಾರಿ ಇದೆ. ‘ಶಾಲಾ ದಾಖಲಾತಿ ವಹಿಯಲ್ಲಿ ಜನ್ಮ ದಿನಾಂಕ 1-6-1950 ಎಂದು ನಮೂದಾಗಿದೆ’ ಎಂಬ ಮಾತು ಯಾವ ಸ್ಥಿತಿಯಲ್ಲೂ ಸತ್ಯ. ‘ಅಜ್ಜನವರ ಲೆಕ್ಕದ ಪುಸ್ತಕದ ಬರಹ 26-8-1950ಕ್ಕೆ ಹೊಂದುತ್ತದೆ’ ಎಂಬುದೂ ಸತ್ಯ. ಯಾವುದನ್ನು ಹಿಡಿಯಬೇಕೆಂದು ತೀರ್ಮಾನಿಸುವುದು ಆದೇಶ ಮಾಡುವವರ ಕೆಲಸ. ಉಳಿದ ದಾಖಲೆಗಳೊಡನೆ ಹೊಂದುವ ಶಾಲೆಯ ತಾರೀಖನ್ನೇ ಅವರು ಹಿಡಿಯುವ ಸಾಧ್ಯತೆ ಹೆಚ್ಚು. ಆಗಲೂ ಅಫಿಡವಿಟ್ ಕೊಟ್ಟವರು ಸುಳ್ಳು ಹೇಳಿದಂತಾಗುವುದಿಲ್ಲ.

ಅರ್ಜಿ ಕೊಡುವ ಮೊದಲು ಒಡಹುಟ್ಟಿದವರ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಲೇಬೇಕು. ನಮ್ಮ ತಾಯಿಗೆ ಒಬ್ಬ ಅಣ್ಣ. ಅವರ ಶಾಲೆಯ ತಾರೀಖು 10-1-1950. ತಂಗಿಯದು 1-6-1950. ಐದು ತಿಂಗಳೂ ತುಂಬದ ಅಂತರದಲ್ಲಿ ಒಬ್ಬಳೇ ತಾಯಿಗೆ ಎರಡು ಹೆರಿಗೆ. ಎಸಿ ಕಚೇರಿಯ ಗುಮಾಸ್ತರು ಇದನ್ನು ಗಮನಿಸದೆ ಇರಬಹುದು, ವೀಸಾ ಅಧಿಕಾರಿ ಮಾತ್ರ ಕುಟುಂಬದ ಎಲ್ಲರ ವಿವರವನ್ನೂ ಜೋಡಿಸಿ ನೋಡುತ್ತಾರೆ. ಅಣ್ಣನ ತಾರೀಖನ್ನು ಈಗ ತಿದ್ದಲಾಗದು, ತಿದ್ದುವ ಅಗತ್ಯವೂ ಇಲ್ಲ. ಅಣ್ಣ ಎರಡು ವರ್ಷಕ್ಕೆ ದೊಡ್ಡವನೆಂದು ಮನೆಯಲ್ಲಿ ತಿಳಿದಿದೆ, ಶಾಲೆಯಲ್ಲಿ ಅಂದಾಜಿನ ತಾರೀಖು ಬರೆಸಲಾಗಿದೆ ಎಂದು ಅಫಿಡವಿಟ್ಟಿನಲ್ಲೇ ಒಂದು ವಾಕ್ಯ ಇದ್ದರೆ, ಮುಂದೆ ಯಾರಾದರೂ ಕೇಳಿದಾಗ ಅದು ಹೊಸದಾಗಿ ಕಟ್ಟಿದ ಕಥೆಯಾಗಿ ಕಾಣುವುದಿಲ್ಲ.

ಯಾರು ಬರೆಯಬೇಕು, ಏನೆಂದು ಬರೆಯಬೇಕು

ಎಲ್ಲಕ್ಕಿಂತ ಬೆಲೆಯುಳ್ಳ ಮಾತು ಆ ಚಿಕ್ಕಮ್ಮಜ್ಜಿಯದು. 1950ರಲ್ಲಿ ಅವರಿಗೆ 12 ವರ್ಷದ ಆಸುಪಾಸು, ಹೆರಿಗೆಯಾದ ಮನೆಯಲ್ಲೇ ಇದ್ದರು. ಹುಟ್ಟನ್ನು ಖುದ್ದಾಗಿ ಬಲ್ಲವರೆಂದರೆ ಇಂಥವರು. ಆದರೆ ಅವರ ಆಧಾರ್ ಕಾರ್ಡನ್ನು ಮೊದಲೇ ನೋಡಬೇಕು. ಹಿರಿಯರ ಆಧಾರ್‌ನಲ್ಲಿ ವಯಸ್ಸು ಅಂದಾಜಿನದು. ಕಾರ್ಡಿನಲ್ಲಿ 1942 ಎಂದಿದ್ದರೆ ಆಗ ಎಂಟು ವರ್ಷ, ನೆನಪಿಡುವ ವಯಸ್ಸು, ನಡೆಯುತ್ತದೆ. 1949 ಎಂದಿದ್ದರೆ ಒಂದು ವರ್ಷದ ಕೂಸು ಸಾಕ್ಷಿ ಹೇಳಿದಂತಾಗುತ್ತದೆ, ಅವರ ಮಾತು ನಿಜವೇ ಆದರೂ ಕಾಗದ ಅದನ್ನು ಕೊಲ್ಲುತ್ತದೆ. ಹಾಗಿದ್ದಾಗ ಅವರ ವಯಸ್ಸಿಗೆ ಬೇರೆ ಆಧಾರ ಹುಡುಕಬೇಕು. ಅವರ ಹಿರಿಯ ಮಗ ಹುಟ್ಟಿದ ವರ್ಷದ ದಾಖಲೆ ಇಂಥದ್ದಕ್ಕೆ ಒದಗುತ್ತದೆ. ಮೊದಲ ಮಗ 1958ರಲ್ಲಿ ಹುಟ್ಟಿದ್ದಕ್ಕೆ ದಾಖಲೆ ಇದ್ದರೆ ಆ ಅಜ್ಜಿ 1949ರಲ್ಲಿ ಹುಟ್ಟಿರಲಾರರು.

ಅವರ ಅಫಿಡವಿಟ್ ಕನ್ನಡದಲ್ಲಿರಬೇಕು, ಅವರ ಮಾತಿನಲ್ಲೇ ಇರಬೇಕು. ಓದು ಬಾರದವರು ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ, ಅದರಲ್ಲಿ ಏನಿದೆಯೆಂದು ಅವರಿಗೆ ತಿಳಿದಿತ್ತೇ ಎಂಬ ಪ್ರಶ್ನೆ ಏಳುತ್ತದೆ. ಓದಿ ಹೇಳಿದವರು ಯಾರು, ಕೇಳಿ ಸರಿಯೆಂದು ಒಪ್ಪಿದರೇ ಎಂಬುದನ್ನು ಕೆಳಗೆ ಬರೆದು, ಓದಿ ಹೇಳಿದವರೂ ಸಹಿ ಮಾಡಬೇಕು. ಹೊರದೇಶಕ್ಕೆ ಬೇಕಾದರೆ ಪೂರ್ತಿ ಅನುವಾದ ಮಾಡಿಸಿ, ಎರಡೂ ಭಾಷೆ ಬಲ್ಲೆನೆಂದು ಅನುವಾದಕರಿಂದ ಬರೆಸಿಕೊಂಡು ಜೊತೆಗೆ ಲಗತ್ತಿಸಬಹುದು. ಅಜ್ಜಿಯ ಅಫಿಡವಿಟ್ಟಿನ ತಿರುಳು ಹೀಗಿರಬಹುದು:

> ಅರ್ಜಿಯಲ್ಲಿ ಹೇಳಿರುವ ಲಕ್ಷ್ಮಮ್ಮ ನನ್ನ ಒಡಹುಟ್ಟಿದ ಅಕ್ಕನ ಮಗಳು. ಹುಟ್ಟಿದಾಗ ಇಟ್ಟ ಹೆಸರು ಚಿಕ್ಕತಾಯಮ್ಮ. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಲಕ್ಷ್ಮಮ್ಮ ಎಂದು ಕರೆದರು. ಎರಡೂ ಹೆಸರು ಒಬ್ಬಳದೇ.
>
> ನನ್ನ ಅಕ್ಕ ಹೆರಿಗೆಗೆ ನಮ್ಮ ತಂದೆಯ ಮನೆಗೆ ಬಂದಿದ್ದಳು. ಆಗ ನನಗೆ ಮದುವೆಯಾಗಿರಲಿಲ್ಲ, ಅದೇ ಮನೆಯಲ್ಲಿದ್ದೆ. ಹೆರಿಗೆ ನಡುಮನೆಯಲ್ಲಿ ಆಯಿತು. ಸೂಲಗಿತ್ತಿ ನಮ್ಮೂರಿನವಳೇ, ಈಗ ಬದುಕಿಲ್ಲ. ನಾನು ನೀರು ಕಾಯಿಸಿ ಕೊಟ್ಟೆ. ಮಗುವನ್ನು ಆ ದಿನವೇ ನೋಡಿದ್ದೇನೆ.
>
> ವರಮಹಾಲಕ್ಷ್ಮಿ ಹಬ್ಬದ ಮಾರನೆ ದಿನ ಎಂಬುದು ನನಗೆ ನೆನಪಿದೆ. ಇಂಗ್ಲಿಷ್ ತಾರೀಖು, ಇಸವಿ ನನಗೆ ಗೊತ್ತಿಲ್ಲ.

ಕೊನೆಯ ವಾಕ್ಯವನ್ನು ತೆಗೆದು ತಾರೀಖು ತುಂಬಿಸಬೇಕೆಂಬ ಆಸೆ ಬರೆಸುವವರಿಗೆ ಬರುತ್ತದೆ. ತೆಗೆಯಬಾರದು. ಶಾಲೆಗೆ ಹೋಗದ ಅಜ್ಜಿ 1950ರ ಆಗಸ್ಟ್ 26 ಎಂದು ಪ್ರಮಾಣ ಮಾಡಿದರೆ ಅವರಿಂದ ಯಾರೋ ಹೇಳಿಸಿದ್ದಾರೆಂದು ಯಾರಿಗಾದರೂ ಹೊಳೆಯುತ್ತದೆ. ಇಸವಿ ಗೊತ್ತಿಲ್ಲ, ಹಬ್ಬ ಗೊತ್ತು ಎಂಬ ಮಾತೇ ಅವರು ಅಲ್ಲಿದ್ದರೆಂಬುದಕ್ಕೆ ಗುರುತು. ಹಬ್ಬದ ಮಾತು ಅಜ್ಜನ ಪುಸ್ತಕಕ್ಕೆ ಕೂಡಿಕೊಳ್ಳುತ್ತದೆ, ಪುಸ್ತಕದ ಸಂವತ್ಸರ ಇಸವಿಯನ್ನು ಕೊಡುತ್ತದೆ. ಒಂದೊಂದೂ ತನ್ನ ಪಾಲನ್ನಷ್ಟೇ ಹೊತ್ತರೆ ಸಾಕು. ಎರಡನೇ ಸಾಕ್ಷಿ ಸಿಕ್ಕರೆ ಅವರಿಗೂ ಇದೇ ಪಠ್ಯವನ್ನು ನಕಲು ಮಾಡಿ ಕೊಡಬಾರದು. ನೆರೆಮನೆಯ ಹಿರಿಯರಾದರೆ ನಾಮಕರಣಕ್ಕೆ ಹೋದದ್ದು ಮಾತ್ರ ನೆನಪಿರಬಹುದು. ಅಷ್ಟನ್ನೇ ಬರೆಯಲಿ.

ಮಗನ ಅಫಿಡವಿಟ್ ಬೇರೆ ಬಗೆಯದು. ಅವನು ಹುಟ್ಟನ್ನು ಕಂಡವನಲ್ಲ, ದಾಖಲೆಗಳನ್ನು ಹುಡುಕಿದವನು. ಆದ್ದರಿಂದ ಅವನು ಬರೆಯಬೇಕಾದದ್ದು ಹೀಗೆ:

> ಈ ಕೆಳಗಿನ ಮೊದಲ ನಾಲ್ಕು ಪ್ಯಾರಾಗಳು ನನಗೆ ಖುದ್ದಾಗಿ ತಿಳಿದವು. ಐದು ಮತ್ತು ಆರನೇ ಪ್ಯಾರಾಗಳು ನನ್ನ ತಾಯಿ ಮತ್ತು ತಾಯಿಯ ಚಿಕ್ಕಮ್ಮನವರಿಂದ ಕೇಳಿ ತಿಳಿದವು, ಅವು ನಿಜವೆಂದು ನಂಬಿದ್ದೇನೆ. ಉಳಿದವು ಲಗತ್ತಿಸಿದ ದಾಖಲೆಗಳಿಂದ ತಿಳಿದವು.
>
> ಜನ್ಮಸ್ಥಳವು 1950ರಲ್ಲಿ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿತ್ತು. ಈಗ ಕರ್ನಾಟಕ ರಾಜ್ಯದ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನಲ್ಲಿದೆ. ಶಾಲಾ ದಾಖಲೆಯಲ್ಲಿ ಜನ್ಮಸ್ಥಳವೆಂದು ಮಳವಳ್ಳಿ ತಾಲ್ಲೂಕಿನ ಗ್ರಾಮವನ್ನು ನಮೂದಿಸಿರುವುದು ತಾಯಿಯ ತಂದೆ ಅಲ್ಲಿ ವಾಸವಿದ್ದ ಕಾರಣಕ್ಕೆಂದು ತಿಳಿದುಬಂದಿದೆ.

ಯಾವ ಪ್ಯಾರಾ ಯಾವ ಮೂಲದಿಂದ ಎಂದು ಹೀಗೆ ಬಿಡಿಸಿ ಬರೆಯುವುದು ಹೊಸ ಪದ್ಧತಿಯೇನಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಆದೇಶದ 3ನೇ ನಿಯಮ ಅಫಿಡವಿಟ್‌ಗಳನ್ನು ಸ್ವಂತ ತಿಳಿವಿಗೆ ಸೀಮಿತಗೊಳಿಸುತ್ತದೆ, ನಂಬಿಕೆಯ ಮಾತಿಗೆ ಜಾಗವಿರುವ ಕಡೆ ನಂಬಿಕೆಗೆ ಕಾರಣವನ್ನು ಕೇಳುತ್ತದೆ. ಎಸಿ ಕಚೇರಿಗೆ ಆ ನಿಯಮ ನೇರವಾಗಿ ಅನ್ವಯಿಸದಿದ್ದರೂ ಅಳತೆಗೋಲು ಅದೇ.

ಅರ್ಜಿ ಕೊಟ್ಟ ಮೇಲೆ

ಅರ್ಜಿಯೊಡನೆ ನಮೂನೆ 10ರ ಪತ್ರ, ಅಫಿಡವಿಟ್‌ಗಳು, ಶಾಲಾ ವಹಿಯ ದೃಢೀಕೃತ ನಕಲು, ಲೆಕ್ಕದ ಪುಸ್ತಕ, ನಾಡಕಚೇರಿಯಿಂದ ಪಡೆದ ವಂಶವೃಕ್ಷ ಸೇರುತ್ತವೆ. ವಂಶವೃಕ್ಷ ಲೆಕ್ಕದ ಪುಸ್ತಕ ಬರೆದ ಅಜ್ಜನಿಂದ ಶುರುವಾಗಿ ಅವರ ಇಬ್ಬರು ಹೆಣ್ಣುಮಕ್ಕಳನ್ನೂ ತೋರಿಸಿದರೆ ಸಾಕ್ಷಿಗೂ ತಾಯಿಗೂ ಇರುವ ಸಂಬಂಧ ಅದರಲ್ಲಿ ಸ್ಪಷ್ಟವಾಗುತ್ತದೆ. ಆಮೇಲೆ ವಿಚಾರಣೆಯ ಕಾಗದ ಜನ್ಮಸ್ಥಳದ ಗ್ರಾಮ ಆಡಳಿತಾಧಿಕಾರಿಗೆ ಹೋಗುತ್ತದೆ. ಅವರು ಊರಿಗೆ ಬಂದು ಪಂಚರ ಎದುರು ಸ್ಥಳ ಮಹಜರು ಮಾಡುತ್ತಾರೆ. ಆ ದಿನ ಕುಟುಂಬದ ಒಬ್ಬರು ಅಲ್ಲಿರಬೇಕು. ಎಪ್ಪತ್ತು ವರ್ಷದ ಹಿಂದಿನ ಮನೆ ಬಿದ್ದುಹೋಗಿರುತ್ತದೆ, ಜಾಗ ಕೈ ಬದಲಾಗಿರುತ್ತದೆ, ಊರಿನ ಹುಡುಗರಿಗೆ ಆ ಮನೆತನದ ಹೆಸರೇ ಗೊತ್ತಿರುವುದಿಲ್ಲ. ಕೇಳಿದವರೆಲ್ಲ ‘ಗೊತ್ತಿಲ್ಲ’ ಎಂದರೆ ವರದಿಯೂ ಅದನ್ನೇ ಹೇಳುತ್ತದೆ. ಜಾಗವನ್ನು ತೋರಿಸಿ, ಹಳೆಯ ಪಹಣಿಯಲ್ಲಿ ಅಜ್ಜನ ಹೆಸರಿರುವುದನ್ನು ಕೈಯಲ್ಲಿ ಹಿಡಿದಿದ್ದರೆ ವರದಿಯ ಸ್ವರೂಪವೇ ಬದಲಾಗುತ್ತದೆ.

ಆದೇಶ ಬಂದ ಮೇಲೆ ಅದನ್ನು ಜನ್ಮಸ್ಥಳದ ನೋಂದಣಾಧಿಕಾರಿಗೆ ಕೊಟ್ಟು, ಜನನ ವರದಿಯ ನಮೂನೆ 1 ತುಂಬಿ, ತಡ ಶುಲ್ಕ ಕಟ್ಟಬೇಕು. ನಮೂದು ಈ ವರ್ಷದ ದಾಖಲೆಯಲ್ಲೇ ಆಗುತ್ತದೆ. ಆದೇಶವಿದ್ದೂ ನೋಂದಣಾಧಿಕಾರಿ ಒಪ್ಪದಿದ್ದರೆ 2023ರ ತಿದ್ದುಪಡಿ ಕೊಟ್ಟಿರುವ ಮೇಲ್ಮನವಿಯ ಹಕ್ಕು ಇದೆ: 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಬರೆಯಬೇಕು. ನಮೂನೆ 1ರಲ್ಲಿ ಮಗುವಿನ ಹೆಸರು ಎಂಬ ಕಡೆ ಆದೇಶದಲ್ಲಿರುವ ಅಕ್ಷರಗಳೇ ಬರಬೇಕು. ಪಾಸ್‌ಪೋರ್ಟಿನ ಇಂಗ್ಲಿಷ್ ಅಕ್ಷರ ಒಂದು ಬಗೆ, ಆದೇಶದ್ದು ಇನ್ನೊಂದು ಬಗೆ ಆದರೆ 15ನೇ ಕಲಮಿನ ತಿದ್ದುಪಡಿಗೆ ಮತ್ತೆ ಅಲೆಯಬೇಕಾಗುತ್ತದೆ. ನಮೂದಾಗುವ ಮೊದಲೇ ಕರಡನ್ನು ಕೇಳಿ ಓದಿ ನೋಡುವುದು ಲೇಸು.

ಈ ನಡುವೆ ಯಾರಾದರೂ 1950ರಲ್ಲೇ ನೋಂದಣಿಯಾಗಿದೆ ಎಂದು ತೋರಿಸುವ ಪತ್ರ ಮಾಡಿಸಿಕೊಡುತ್ತೇನೆ ಎಂದರೆ ಅದು ಖೋಟಾ. ಆ ವರ್ಷದ ವಹಿಯಲ್ಲಿ ನಮೂದು ಇಲ್ಲವೆಂದು ನಮೂನೆ 10 ನಿಮ್ಮ ಕೈಯಲ್ಲೇ ಇದೆ. ಅಸಲಿ ತಡ ನೋಂದಣಿಯ ಪತ್ರದಲ್ಲಿ ಹುಟ್ಟಿದ ದಿನ ಹಳೆಯದು, ನೋಂದಣಿಯ ದಿನ ಇತ್ತೀಚಿನದು. ಎರಡರ ನಡುವಿನ ಆ ದೊಡ್ಡ ಅಂತರವನ್ನು ಕಂಡು ಯಾರೂ ಅಳುಕಬೇಕಾಗಿಲ್ಲ, ಅದು ಇರಬೇಕಾದದ್ದೇ.

ಕೆಲಸದ ಸರದಿಯ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ಜನ ಮೊದಲು ನಮೂನೆ 10ಕ್ಕೆ ಕಾಯುತ್ತಾರೆ, ಶಾಲೆಯ ನಕಲಿಗೆ ಅಲೆಯುತ್ತಾರೆ, ಎಲ್ಲ ಕೂಡಿದ ಮೇಲೆ ಕೊನೆಗೆ ಅಫಿಡವಿಟ್ ಬರೆಸುತ್ತಾರೆ. ವಹಿಗಳು ಮುಂದಿನ ತಿಂಗಳೂ ಅಲ್ಲೇ ಇರುತ್ತವೆ. ಹೊಳೆಯಾಚೆಯ ಆ ಚಿಕ್ಕಮ್ಮಜ್ಜಿಗೆ ಈಗ 87ರ ಹತ್ತಿರ. ನೋಟರಿಯನ್ನು ಅವರ ಮನೆಗೇ ಕರೆದುಕೊಂಡು ಹೋಗಿ, ಬೆಳಗಿನ ಹೊತ್ತು, ಅವರು ಹುಷಾರಾಗಿ ಕೂತು ಮಾತಾಡುವಾಗ, ಮೊದಲು ಅವರದನ್ನು ಬರೆಸಿಕೊಳ್ಳಿ.